ಟೀಯೋ, ಗಾಜರ್ ಗವತ್ತೋ?

‘ನಮ್ಮ ಯಜಮಾನರಿಗೆ ನಿವೃತ್ತಿಯಾದಾಗಿನಿಂದ ರಾತ್ರಿ ನಿದ್ದೆ ಸರಿಯಿಲ್ಲ, ಮನಸ್ಸಿಗೂ ಏನೋ ತಳಮಳ. ಮಗಳು ಕ್ಯಾಮೊಮೈಲ್ ಟೀ ತಂದುಕೊಟ್ಟಳು. ಎರಡು ರಾತ್ರಿ ಕುಡಿದರು, ನೆಂದ ಟೀ ಬ್ಯಾಗನ್ನು ಕಣ್ಣಿನ ಮೇಲೂ ಇಟ್ಟುಕೊಂಡರು. ಮೂರನೆಯ ದಿನ ರೆಪ್ಪೆ ಊದಿಕೊಂಡು, ಕುತ್ತಿಗೆಯೆಲ್ಲ ತುರಿಕೆ. ಅವರಿಗೆ ಮೊದಲಿಂದಲೂ ಗಾಜರ್ ಗವತ್ ಆಗಿಬರುವುದಿಲ್ಲ. ಇದು ಟೀಯಿಂದ ಆದದ್ದೋ, ಆ ಕಸದಿಂದಲೋ? ಇಷ್ಟಕ್ಕೂ ಈ ಟೀಯಿಂದ ನಿದ್ದೆ ಬರುವುದು ನಿಜವೇ?’
— ಓದುಗರೊಬ್ಬರು, ಹಡಪಸರ, ಪುಣೆ

ಅಕ್ಕಾವ್ರೇ, ನಮಸ್ಕಾರ. ಮೊದಲು ಆ ಟೀ ನಿಲ್ಲಿಸಿಬಿಡಿ. ಕುಡಿಯುವುದನ್ನೂ, ಕಣ್ಣಿಗೆ ಇಡುವುದನ್ನೂ. ಯಾವುದರಿಂದ ಆಯಿತು ಎಂಬುದನ್ನು ಆಮೇಲೆ ನಿಧಾನವಾಗಿ ನೋಡೋಣ.

ನಮ್ಮ ಊರ ಕಡೆ ಕಾಂಗ್ರೆಸ್ ಕಸ ಅನ್ನುವುದೂ ನಿಮ್ಮ ಪುಣೆಯ ಗಾಜರ್ ಗವತ್ತೂ ಒಂದೇ, ಪಾರ್ಥೇನಿಯಂ. 1950ರ ದಶಕದಲ್ಲಿ ಈ ದೇಶದಲ್ಲಿ ಅದು ಕಣ್ಣಿಗೆ ಬಿದ್ದದ್ದೇ ಪುಣೆಯಲ್ಲಿ. ಎಪ್ಪತ್ತರ ದಶಕದ ಹೊತ್ತಿಗೆ ಅದರಿಂದ ಚರ್ಮ ಕೆಟ್ಟವರು ಅಲ್ಲಿ ಎಷ್ಟಾಗಿದ್ದರೆಂದರೆ, ಚರ್ಮವೈದ್ಯರು ಅದನ್ನೊಂದು ಪಿಡುಗೆಂದೇ ಬರೆದರು. ಕ್ಯಾಮೊಮೈಲ್ ಕೂಡ ಅದೇ ಕುಟುಂಬದ ಗಿಡ. ಸೇವಂತಿಗೆ, ಚೆಂಡುಹೂವು, ಸೂರ್ಯಕಾಂತಿ, ಡೇಲಿಯಾ ಎಲ್ಲವೂ ಇದೇ ಬಳಗ. ಈ ಬಳಗದ ಬಹಳಷ್ಟು ಗಿಡಗಳಲ್ಲಿ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ಜಾತಿಯ ರಾಸಾಯನಿಕಗಳಿರುತ್ತವೆ. ಪಾರ್ಥೇನಿಯಂನಲ್ಲಿ ಇರುವುದು ಪಾರ್ಥೆನಿನ್. ಅದಕ್ಕೆ ಒಮ್ಮೆ ಸಿಡಿಮಿಡಿಗೊಂಡ ಚರ್ಮ ಅದರ ದಾಯಾದಿಗಳನ್ನು ಕಂಡರೂ ಕೆರಳಬಹುದು. ಎಲ್ಲರಿಗೂ ಹಾಗಾಗುತ್ತದೆಂದಲ್ಲ. ದಸರೆಗೆ ಚೆಂಡುಹೂವಿನ ತೋರಣ ಕಟ್ಟಿದ ಮಾರನೆಯ ದಿನ ಅವರ ಬೆರಳು ತುರಿಸುತ್ತಿತ್ತೇ ಎಂದು ನೆನಪು ಮಾಡಿ ನೋಡಿ. ಹೌದಾದರೆ ಟೀಯ ಮೇಲಿನ ಅನುಮಾನ ಇನ್ನಷ್ಟು ಗಟ್ಟಿ.

ಇನ್ನು ಇದರಲ್ಲಿ ಎರಡು ಬಗೆಯ ಅಲರ್ಜಿ ಇದೆ, ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಒಂದು ತಟ್ಟನೆ ಬರುವುದು. ಕುಡಿದ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಿಗೆ ಚುರುಗುಟ್ಟುತ್ತದೆ, ಮೈಮೇಲೆ ಪಿತ್ತದ ಗಂಧೆ ಏಳುತ್ತದೆ, ಕೆಲವರಿಗೆ ಉಸಿರೇ ಕಟ್ಟುತ್ತದೆ. ಪರಾಗದ ಅಲರ್ಜಿಯಿದ್ದ ಎಂಟು ವರ್ಷದ ಹುಡುಗನೊಬ್ಬ ಈ ಟೀ ಕುಡಿದು ಜೀವಕ್ಕೇ ಅಪಾಯ ತಂದುಕೊಂಡದ್ದನ್ನು ಸ್ಪೇನಿನ ವೈದ್ಯರು 1989ರಲ್ಲಿ ವರದಿ ಮಾಡಿದ್ದಾರೆ. ಅಲ್ಲಿನ ಜನಕ್ಕೆ ಈ ಕಷಾಯದಿಂದ ಕಣ್ಣು ತೊಳೆಯುವ ರೂಢಿಯೂ ಉಂಟು. ಹಾಗೆ ತೊಳೆದು ಕಣ್ಣು ಕೆಂಪಾಗಿ, ರೆಪ್ಪೆ ಬಾತವರ ವಿವರವನ್ನೂ ಅವರೇ ಮರುವರ್ಷ ಪ್ರಕಟಿಸಿದರು. ನೆಂದ ಟೀ ಬ್ಯಾಗು ರೆಪ್ಪೆಗೆ ತಂಪು ಎಂಬ ಸಲಹೆ ನಿಮ್ಮ ಮಗಳಿಗೆ ಯಾರು ಕೊಟ್ಟರೋ ಕಾಣೆ, ನಿಮ್ಮ ಯಜಮಾನರಂಥವರಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮೈಯಲ್ಲೇ ಅತಿ ತೆಳುವಾದ ಚರ್ಮ ಅದು.

ಇನ್ನೊಂದು ತಡವಾಗಿ ಬರುವುದು, ಒಂದೆರಡು ದಿನ ಬಿಟ್ಟು. ಪಾರ್ಥೇನಿಯಂನವರಿಗೆ ಸಾಮಾನ್ಯವಾಗಿ ಆಗುವುದು ಇದೇ. ನಿಮ್ಮ ಪತ್ರದ ದಿನಗಳ ಲೆಕ್ಕ ಇದಕ್ಕೆ ಹೊಂದುತ್ತದೆ: ಇವತ್ತು ರಾತ್ರಿ ತಾಗಿಸಿಕೊಂಡದ್ದು ನಾಡಿದ್ದು ಕಾಣಿಸಿಕೊಳ್ಳುತ್ತದೆ. ಆದರೆ ಅಷ್ಟರಿಂದಲೇ ಟೀ ಅಪರಾಧಿ ಎಂದು ತೀರ್ಮಾನಿಸಲಾಗದು. ಮಳೆ ಬಿದ್ದ ಮೇಲೆ ಹಡಪಸರದ ಖಾಲಿ ಸೈಟುಗಳಲ್ಲಿ, ಕಾಲುವೆ ದಂಡೆಯಲ್ಲಿ ಆ ಕಸ ಬಿಳಿ ಹೂ ಬಿಟ್ಟು ನಿಂತಿರುತ್ತದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಗದ್ದದ ಕೆಳಗು, ಕಿವಿಯ ಹಿಂದು, ಮೊಣಕೈಯ ಮಡಿಕೆಗಳಲ್ಲಿ ಕೂರುತ್ತದೆ. ಬರೀ ಬಿಸಿಲಿಂದಾದ ತುರಿಕೆಯಾದರೆ ಗದ್ದದ ಕೆಳಗಿನ, ಕಿವಿಯ ಹಿಂದಿನ ನೆರಳು ಜಾಗ ಉಳಿದುಕೊಳ್ಳುತ್ತದೆ. ಗಾಳಿಯದು ಅಲ್ಲಿಗೂ ನುಗ್ಗುತ್ತದೆ. ತುರಿಕೆ ಟೀ ಬ್ಯಾಗು ಇಟ್ಟ ಜಾಗದಲ್ಲಷ್ಟೇ ಇದ್ದಿದ್ದರೆ ನಾನೂ ಟೀಯನ್ನೇ ದೂರುತ್ತಿದ್ದೆ. ಕುತ್ತಿಗೆಗೂ ಹರಡಿರುವುದರಿಂದ ಎರಡೂ ಸೇರಿಕೊಂಡಿರಬಹುದು.

ಇದನ್ನು ಬಿಡಿಸಲು ಮನೆಯಲ್ಲಿ ಇನ್ನೊಂದು ಲೋಟ ಕುಡಿಸಿ ನೋಡುವ ಉಪಾಯ ಬೇಡವೇ ಬೇಡ. ತುರಿಕೆ ಪೂರ್ತಿ ಇಳಿದ ಮೇಲೆ ಚರ್ಮವೈದ್ಯರ ಬಳಿ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಬೇರೆಬೇರೆ ಪದಾರ್ಥ ಅಂಟಿಸಿ ಎರಡು ದಿನ ಬಿಡುತ್ತಾರೆ, ಬೆನ್ನು ನೆನೆಯಕೂಡದು. ತೆಗೆದಾಗ ಒಮ್ಮೆ ನೋಡಿ, ಒಂದೆರಡು ದಿನ ಕಳೆದು ಮತ್ತೊಮ್ಮೆ ನೋಡುತ್ತಾರೆ. ಆ ಎರಡನೆಯ ಸಲ ಹೋಗುವುದನ್ನು ತಪ್ಪಿಸಬೇಡಿ, ತಡವಾಗಿ ಏಳುವ ಗುರುತು ಆಗಲೇ ಸಿಗುವುದು. ನಮ್ಮ ದೇಶದ ಸಾಮಾನ್ಯ ಸರಣಿಯಲ್ಲಿ ಪಾರ್ಥೇನಿಯಂ ಇದ್ದೇ ಇರುತ್ತದೆ, ಕ್ಯಾಮೊಮೈಲ್ ಇರುತ್ತದೆಂದು ನಂಬಿಕೊಳ್ಳಬೇಡಿ. ಆ ಟೀಯ ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅವರು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ, ಅದು ಪರೀಕ್ಷೆಯನ್ನು ಸುಳ್ಳಾಗಿಸಬಲ್ಲದು. ತಟ್ಟನೆ ಬರುವ ಬಗೆಯ ಅಲರ್ಜಿಗೆ ಪ್ಯಾಚ್ ಟೆಸ್ಟ್ ನಡೆಯದು, ಅದಕ್ಕೆ ಚುಚ್ಚಿ ನೋಡುವ ಪರೀಕ್ಷೆ ಬೇರೆ.

ಡಬ್ಬಿಯ ಮಾತು ಬಂತಲ್ಲ, ಇದೊಂದನ್ನು ಹೇಳಿಬಿಡುತ್ತೇನೆ. ಅಸಲಿ ಜರ್ಮನ್ ಕ್ಯಾಮೊಮೈಲ್‌ನಲ್ಲಿ ಅಲರ್ಜಿ ತರುವ ಆ ರಾಸಾಯನಿಕ ತೀರಾ ಕಡಿಮೆ. ಆದರೆ ನೋಡಲು ಅದರಂತೆಯೇ ಇರುವ, ನಾರುವ ಇನ್ನೊಂದು ಕಾಡುಗಿಡ ಕೊಯ್ಲಿನಲ್ಲಿ ಸೇರಿಕೊಳ್ಳುವುದುಂಟು, ಅದು ಚರ್ಮಕ್ಕೆ ಬಲು ಖಾರ. ಇಡೀ ಒಣಹೂವು ಸಿಕ್ಕರೆ ನಡುವಿನ ಹಳದಿ ಗುಬ್ಬಿಯನ್ನು ಉದ್ದಕ್ಕೆ ಸೀಳಿ ನೋಡಬಹುದು. ಅಸಲಿಯದರ ಒಳಗೆ ಪೊಳ್ಳು, ಕಾಡುಗಿಡದ್ದು ಗಟ್ಟಿ. ಟೀ ಬ್ಯಾಗಿನಲ್ಲಿ ಪುಡಿಯಾದ ಮೇಲೆ ಯಾರ ಕಣ್ಣಿಗೂ ಗೊತ್ತಾಗದು. ಪೊಳ್ಳಿದ್ದ ಮಾತ್ರಕ್ಕೆ ನಿಮ್ಮವರಿಗೆ ಆಗಿಬರುತ್ತದೆ ಎಂದೂ ಅಲ್ಲ.

ನಿದ್ದೆಯ ಪ್ರಶ್ನೆಗೆ ನನ್ನ ಉತ್ತರ ಕೊಂಚ ಒಣದು. ಅಮೆರಿಕದ ಮಿಶಿಗನ್‌ನಲ್ಲಿ ಬಹುಕಾಲದಿಂದ ನಿದ್ದೆಗೆಟ್ಟ 34 ಮಂದಿಗೆ ನಾಲ್ಕು ವಾರ ಇದರ ಸತ್ವದ ಮಾತ್ರೆ ಅಥವಾ ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. ನಿದ್ದೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೈವಾನಿನಲ್ಲಿ ನಿದ್ದೆಗೆಟ್ಟ 80 ಬಾಣಂತಿಯರಲ್ಲಿ ಅರ್ಧ ಮಂದಿಗೆ ಎರಡು ವಾರ ಟೀಯನ್ನೇ ಕುಡಿಸಿದಾಗ ಸ್ವಲ್ಪ ಸುಧಾರಿಸಿತು, ನಿಲ್ಲಿಸಿ ಕೆಲ ವಾರಗಳಲ್ಲಿ ಎಲ್ಲರೂ ಒಂದೇ ಸಮ. ಅಲ್ಲಿ ಹೋಲಿಕೆಗೆಂದು ಇನ್ನರ್ಧ ಮಂದಿಗೆ ಬೇರೆ ಯಾವ ಪಾನೀಯವನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಗುಣ ಹೂವಿನದೋ, ಬೆಚ್ಚಗೆ ಏನನ್ನೋ ಕುಡಿದು ಮಲಗಿದ್ದರದೋ ಹೇಳುವುದು ಕಷ್ಟ.

ಆತಂಕದ ವಿಷಯದಲ್ಲಿ ಪುರಾವೆ ಇದಕ್ಕಿಂತ ವಾಸಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2009ರಲ್ಲಿ 57 ಮಂದಿಯ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಎಂಟು ವಾರಕ್ಕೆ ಆತಂಕ ತುಸು ತಗ್ಗಿತು. 2016ರ ದೊಡ್ಡ ಪರೀಕ್ಷೆಯಲ್ಲಿ ದಿನಕ್ಕೆ 1,500 ಮಿಲಿಗ್ರಾಂ ಸತ್ವ ಕೊಟ್ಟರು. ತಿಂಗಳುಗಟ್ಟಲೆ ಮುಂದುವರಿಸಿದವರಿಗೆ ಲಕ್ಷಣಗಳು ಕಡಿಮೆಯೇ ಇದ್ದವು. ಆದರೆ ಕಾಯಿಲೆ ಮರುಕಳಿಸುವುದನ್ನು ಅದು ತಡೆಯುತ್ತದೆಂದು ಖಚಿತವಾಗಿ ತೋರಿಸಲಾಗಲಿಲ್ಲ. ಇವೆಲ್ಲ ಅಳೆದು ತುಂಬಿದ ಮಾತ್ರೆಗಳ ಮಾತು, ರಾತ್ರಿಯ ಒಂದು ಟೀ ಬ್ಯಾಗಿನದಲ್ಲ.

ಅಲರ್ಜಿ ಇಲ್ಲದವರು ಕುಡಿದರೆ ಕುಡಿಯಲಿ ಬಿಡಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ನಿಮ್ಮ ಮನೆಯಲ್ಲಿ ನಾನು ಕೇಳಬಯಸುವುದು ಬೇರೆ: ಅವರಿಗೆ ನಿದ್ದೆ ಕೆಡುವುದು ಚಿಂತೆಯಿಂದಲೋ, ತುರಿಕೆಯಿಂದಲೋ? ಈ ತುರಿಕೆ ರಾತ್ರಿ ಹೊದಿಕೆಯೊಳಗೆ ಮೈ ಬೆಚ್ಚಗಾದಾಗ ಹೆಚ್ಚುತ್ತದೆ. ನಡುರಾತ್ರಿ ಕೆರೆದುಕೊಳ್ಳುತ್ತ ಏಳುತ್ತಾರೆಯೇ, ದಿಂಬಿನ ಮೇಲೆ ಚರ್ಮದ ಹೊಟ್ಟು ಉದುರಿರುತ್ತದೆಯೇ ನೋಡಿ. ಹಾಗಿದ್ದರೆ ಮೊದಲ ಚಿಕಿತ್ಸೆ ಚರ್ಮಕ್ಕೆ. ಬೆಳಗಿನ ವಾಕಿಂಗ್ ಖಾಲಿ ಸೈಟುಗಳ ಕಡೆಯಿಂದ ತಪ್ಪಿಸಿ ತುಂಬುತೋಳಿನ ಅಂಗಿ ಹಾಕಿಸಿ, ಬಂದೊಡನೆ ಮುಖ, ಕುತ್ತಿಗೆ ತೊಳೆಯಲಿ, ಬಟ್ಟೆಗಳನ್ನು ಬಯಲಿನ ಬದಿಯ ಬಾಲ್ಕನಿಯಲ್ಲಿ ಒಣಹಾಕಬೇಡಿ. ಊದಿದ ರೆಪ್ಪೆಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ; ಕಣ್ಣಿನ ಹತ್ತಿರ ಯಾವುದನ್ನು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ತುರಿಕೆ ನಿಂತ ಮೇಲೂ ಮನಸ್ಸಿನ ತಳಮಳ ಉಳಿದರೆ ಅದನ್ನೂ ಅವರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿ.

— ಸಂಪಾದಕ