ಖಾರ ತೆಗೆಯಿರಿ, ತಾರೀಕು ಬಿಡಬೇಡಿ

ಪ್ರಶ್ನೆ: ಒಂದು ಸಣ್ಣ ಕಾರ್ಖಾನೆಯ ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ನನ್ನ ಕೈಕೆಳಗೆ ಇರುವ ಒಬ್ಬರು ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಅಣ್ಣ ಎಂದೇ ಕರೆಯುತ್ತೇನೆ. ಮಾರಾಟದ ಬಿಲ್‌ಗಳ ಪಟ್ಟಿ ಸಮಯಕ್ಕೆ ಕೊಡುವುದಿಲ್ಲ. ಅದರಿಂದ ಜಿಎಸ್‌ಟಿ ರಿಟರ್ನ್ ಎರಡು ಸಲ ತಡವಾಯಿತು. ಅಪ್ರೈಸಲ್ ಫಾರ್ಮಿನಲ್ಲಿ ‘ಬೇಜವಾಬ್ದಾರಿ. ಯಾವ ಕೆಲಸವನ್ನೂ ಸಮಯಕ್ಕೆ ಮುಗಿಸುವುದಿಲ್ಲ’ ಎಂದು ಬರೆದೆ. ‘ತುಂಬಾ ಖಾರ ಆಯ್ತು ಮೇಡಂ’ ಎಂದು ಎಚ್‌ಆರ್‌ನವರು ವಾಪಸ್ ಕಳಿಸಿದರು. ‘ಒಳ್ಳೆಯ ಕೆಲಸಗಾರರು. ಸಮಯದ ಕಡೆ ಸ್ವಲ್ಪ ಗಮನ ಕೊಟ್ಟರೆ ಇನ್ನೂ ಚೆನ್ನ’ ಎಂದು ತಿದ್ದಿದೆ. ಈಗ ಹೇಳಬೇಕಾದ್ದೇ ಉಳಿದಿಲ್ಲ ಅನಿಸುತ್ತಿದೆ. ಏನು ಮಾಡಲಿ?
– ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಅನುಮಾನ ಸರಿ. ತಿದ್ದಿದ ಸಾಲು ಓದಿದರೆ ಅವರು ಮನೆಗೆ ಹೋಗಿ ‘ಮೇಡಂ ಒಳ್ಳೇದೇ ಬರೆದಿದ್ದಾರೆ’ ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ, ನೀವು ಬರೆದಿರುವುದೇ ಹಾಗಿದೆ.

ಆದರೆ ಮೊದಲನೆಯದೂ ಕೆಲಸಕ್ಕೆ ಬರುತ್ತಿರಲಿಲ್ಲ. ‘ಬೇಜವಾಬ್ದಾರಿ’ ಎಂದು ಓದಿದವರು ನಾಳೆ ಬೆಳಿಗ್ಗೆ ಆಫೀಸಿಗೆ ಬಂದು ಏನು ಬದಲಿಸಬೇಕು? ಇನ್ನು ‘ಯಾವ ಕೆಲಸವನ್ನೂ’ ಅಂದಿರಿ. ಬ್ಯಾಂಕ್ ಲೆಕ್ಕ ತಾಳೆ ಹಾಕುವುದನ್ನು ಅವರು ಪ್ರತಿ ತಿಂಗಳೂ ಸರಿಯಾಗಿ ಮುಗಿಸಿದ್ದರೆ ಅದನ್ನೇ ತೋರಿಸುತ್ತಾರೆ. ಅಲ್ಲಿಗೆ ನಿಮ್ಮ ಮಾತು ಬಿದ್ದುಹೋಯಿತು. ಬಿಲ್ ಪಟ್ಟಿಯ ವಿಷಯ ಹೋಗಿ ಅವರ ಸ್ವಭಾವದ ಜಗಳ ಶುರುವಾಗುತ್ತದೆ.

ಹಾಗಾಗಿ ಮೊದಲು ಹಳೆ ಮೇಲ್‌ಗಳನ್ನು ತೆಗೆದು ನೋಡಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಪಟ್ಟಿ ಯಾವ ಯಾವ ತಾರೀಕಿಗೆ ಬಂತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹನ್ನೆರಡೂ ತಿಂಗಳು ನೋಡಿ, ಯಾಕೆಂದರೆ ಫೆಬ್ರವರಿಯಲ್ಲಿ ಬಂದ ಕೋಪ ಇಡೀ ವರ್ಷಕ್ಕೆ ಬಣ್ಣ ಹಚ್ಚಿಬಿಡುತ್ತದೆ. ತಡವಾದದ್ದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರಬಹುದು, ಜಾಸ್ತಿಯೂ ಇರಬಹುದು.

ಉದಾಹರಣೆಗೆ 12ರಲ್ಲಿ 5 ತಿಂಗಳು ತಡ ಅಂತ ಸಿಕ್ಕಿತು ಎಂದಿಟ್ಟುಕೊಳ್ಳಿ. ಆಗ ಹೀಗೆ ಬರೆಯಬಹುದು:

‘ಬ್ಯಾಂಕ್ ತಾಳೆ ವರ್ಷಪೂರ್ತಿ ಸಮಯಕ್ಕೆ ಮುಗಿದಿದೆ, ತಪ್ಪುಗಳಿಲ್ಲ. ಮಾರಾಟದ ಬಿಲ್ ಪಟ್ಟಿ 5 ತಿಂಗಳು 10ನೇ ತಾರೀಕಿನ ನಂತರ ಬಂದಿದೆ. ಇದರಿಂದ ಎರಡು ಸಲ ಜಿಎಸ್‌ಟಿಆರ್-1 ಕೊನೆಯ ದಿನವಾದ 11 ದಾಟಿತು. ಆ ಬಿಲ್‌ಗಳು ಗ್ರಾಹಕರ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಆ ತಿಂಗಳು ಬರದೆ, ಅವರ ತೆರಿಗೆ ಕ್ರೆಡಿಟ್ ಒಂದು ತಿಂಗಳು ಮುಂದೆ ಹೋಯಿತು. ಮುಂದಿನ ವರ್ಷ ಪಟ್ಟಿ ಪ್ರತಿ ತಿಂಗಳು 6ರೊಳಗೆ ಬರಬೇಕು.’

ಇದರಲ್ಲಿ ಬೈಗುಳ ಒಂದೂ ಇಲ್ಲ, ಆದರೂ ನಿಮ್ಮ ಮೊದಲ ಸಾಲಿಗಿಂತ ಗಟ್ಟಿಯಾಗಿದೆ. ‘ಸ್ವಲ್ಪ’, ‘ಆದಷ್ಟು’, ‘ಸಾಧ್ಯವಾದರೆ’ ಎಂಬ ಪದಗಳನ್ನು ತಾರೀಕಿನ ಹತ್ತಿರ ಬರಲು ಬಿಡಬೇಡಿ. ಮೆತ್ತಗೆ ಮಾಡಬೇಕಾದ್ದು ಮನುಷ್ಯನ ಬಗ್ಗೆ ಇರುವ ಮಾತನ್ನು ಮಾತ್ರ. ಹೊಗಳಿಕೆಯೂ ನಿಜವಿದ್ದರೆ ಇರಲಿ, ಸುಮ್ನೆ ಬೆಣ್ಣೆ ಹಚ್ಚಲು ಬೇಡ.

ರೇಟಿಂಗ್ ವಿಷಯದಲ್ಲಿ ನಾನು ಸ್ವಲ್ಪ ಹಟವಾದಿ. ಬರಹದಲ್ಲಿ ತೊಂದರೆ ಹೇಳಿ, ಪಾಪ ಅಂತ 5ಕ್ಕೆ 4 ಕೊಟ್ಟರೆ ಅವರು ಅಂಕೆಯನ್ನಷ್ಟೇ ಓದುತ್ತಾರೆ. ಇಂಕ್ರಿಮೆಂಟ್ ಬರುವುದು ಅಂಕೆಯ ಮೇಲೆ ತಾನೆ? ಮುಂದಿನ ವರ್ಷವೂ ತೊಂದರೆ ಹಾಗೇ ಇದ್ದರೆ ಆ 4 ನಿಮಗೇ ಅಡ್ಡ ನಿಲ್ಲುತ್ತದೆ.

ಫಾರ್ಮ್ ಅವರ ಕೈಗೆ ಸೇರುವ ಮೊದಲು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತು ಮಾತಾಡಿ. ದೊಡ್ಡವರು, ಕಾಗದ ನೋಡಿ ತಿಳಿದುಕೊಳ್ಳುವಂತಾದರೆ ಅವಮಾನವಾಗುತ್ತದೆ. ಅಣ್ಣ ಎನ್ನುವುದನ್ನೂ ಬಿಡಬೇಡಿ. ಆ ಹೊತ್ತಿಗೆ ಮಾತ್ರ ‘ನೋಡಿ ಮಿಸ್ಟರ್’ ಎಂದು ಶುರುಮಾಡಿದರೆ ಕೋರ್ಟಿನಂತೆ ಕಾಣುತ್ತದೆ. ಪೀಠಿಕೆ ಉದ್ದ ಬೇಡ. ‘ಅಣ್ಣಾ, ಬಿಲ್ ಪಟ್ಟಿ ವಿಷಯ ಮಾತಾಡಬೇಕಿತ್ತು. ಐದು ತಿಂಗಳು ತಡ ಆಗಿದೆ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ?’ ಎಂದು ಕೇಳಿ ಸುಮ್ಮನಿರಿ. ಮೌನ ಕಷ್ಟ ಅನಿಸಿ ನೀವೇ ‘ಪರವಾಗಿಲ್ಲ ಬಿಡಿ’ ಎನ್ನುವ ಸಂಭವ ಇದೆ, ಹುಷಾರು.

ಮಾರಾಟ ವಿಭಾಗದವರೇ ಡೆಬಿಟ್ ನೋಟ್, ಕ್ರೆಡಿಟ್ ನೋಟ್‌ಗಳನ್ನು 9ಕ್ಕೆ ಕಳಿಸುತ್ತಿದ್ದಾರೆ ಎಂದು ಅವರು ಹೇಳಬಹುದು. ಮೇಲ್‌ಗಳಲ್ಲಿ ಅದು ನಿಜ ಎಂದು ಕಂಡರೆ ಫಾರ್ಮಿನಲ್ಲೂ ಬರೆಯಿರಿ, ಆ ವಿಭಾಗಕ್ಕೆ 4ನೇ ತಾರೀಕಿನ ಗಡುವು ಹಾಕಿಸುವುದು ನಿಮ್ಮ ಕೆಲಸ. ಆದರೂ ‘ಇನ್ನೂ ಬಂದಿಲ್ಲ’ ಎಂದು ನಿಮಗೆ 6ನೇ ತಾರೀಕೇ ತಿಳಿಸುವ ಹೊಣೆ ಅವರದೇ.

ಏಳುವ ಮುಂಚೆ ‘ನಾವು ಏನು ಒಪ್ಪಿಕೊಂಡೆವು, ನೀವೇ ಒಂದು ಸಲ ಹೇಳಿ ಅಣ್ಣಾ’ ಎನ್ನಿ. ‘6ರೊಳಗೆ ಪಟ್ಟಿ, ಆಗದಿದ್ದರೆ ಅವತ್ತೇ ಹೇಳಬೇಕು’ ಎಂದರೆ ವಿಷಯ ಮುಟ್ಟಿದೆ. ‘ಇನ್ಮೇಲೆ ಚೆನ್ನಾಗಿ ಮಾಡ್ತೀನಿ ಮೇಡಂ’ ಎಂದರೆ ಮುಟ್ಟಿಲ್ಲ, ತಾರೀಕು ಮತ್ತೊಮ್ಮೆ ಹೇಳಿ.

ಅವರು ಒಪ್ಪದೆ ಸಹಿ ಹಾಕಲು ಹಿಂಜರಿದರೆ ಬಲವಂತ ಬೇಡ. ನಿಮ್ಮ ಫಾರ್ಮಿನಲ್ಲಿ ನೌಕರರ ಅಭಿಪ್ರಾಯಕ್ಕೆ ಜಾಗ ಇದ್ದರೆ ಅಲ್ಲಿ ಅವರ ಮಾತು ಬರೆಯಲಿ. ಇಲ್ಲದಿದ್ದರೆ, ಸಹಿ ಎಂದರೆ ಓದಿದ್ದೇನೆ ಎಂದಷ್ಟೇ ಅರ್ಥವೋ ಒಪ್ಪಿದ್ದೇನೆ ಎಂದೋ ಎಂಬುದನ್ನು ಎಚ್‌ಆರ್‌ನವರಿಂದಲೇ ಅವರಿಗೆ ಹೇಳಿಸಿ.