ಪದ ಎಣಿಸಿ ಕೊಡುವ ದುಡ್ಡು

*ಮಾನ್ಯ ಸಂಪಾದಕರೇ, ಮೂರು ವರ್ಷದಿಂದ ವೆಬ್‌ಸೈಟುಗಳಿಗೆ ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಪದಕ್ಕೆ ಒಂದೂವರೆ ರೂಪಾಯಿ. ಈಗ ಒಂದು ಆಸ್ಪತ್ರೆಯವರು ಸಕ್ಕರೆ ಕಾಯಿಲೆಯ ಬಗ್ಗೆ 12 ಪುಟ ಬೇಕು, ಪುಟಕ್ಕೆ 600 ಪದ, ಇಡೀ ಕೆಲಸಕ್ಕೆ ಒಟ್ಟು ಎಷ್ಟಾಗುತ್ತದೆ ಹೇಳಿ ಎನ್ನುತ್ತಿದ್ದಾರೆ. ಪದದ ಲೆಕ್ಕದಲ್ಲಾದರೆ ಬರೆದಷ್ಟಕ್ಕೆ ದುಡ್ಡು ಖಾತ್ರಿ. ಒಟ್ಟು ದರ ಹೇಳಿಬಿಟ್ಟು ಕೆಲಸ ಬೆಳೆಯುತ್ತಾ ಹೋದರೆ ಮುಳುಗುವವಳು ನಾನು. ಪದಕ್ಕೆ ಎರಡು ರೂಪಾಯಿ ಕೇಳಿ ಸುಮ್ಮನಾಗಲೇ?*
*– ಓದುಗಿ, ಶಿವಮೊಗ್ಗ*

ಸುಮ್ಮನಾಗಬೇಡಿ. ಆಸ್ಪತ್ರೆಯವರು ತಾವಾಗಿಯೇ ಸರಿಯಾದ ಪ್ರಶ್ನೆ ಕೇಳಿದ್ದಾರೆ. ನೀವು ಅವರನ್ನು ಹಳೆಯ ಲೆಕ್ಕಕ್ಕೆ ಎಳೆದು ತರಲು ಹೊರಟಿದ್ದೀರಿ.

ಪದದ ಲೆಕ್ಕಕ್ಕೂ ಅದರದೇ ಜಾಗವಿದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಅನುವಾದದಲ್ಲಿ ಮೂಲ ಪಠ್ಯ ಕಣ್ಣೆದುರಿಗೇ ಇರುತ್ತದೆ, ಅದರ ಪದಗಳನ್ನು ಕೆಲಸ ಶುರುವಾಗುವ ಮೊದಲೇ ಇಬ್ಬರೂ ಎಣಿಸಬಹುದು. ಅಲ್ಲಿ ಪದದ ದರ ನ್ಯಾಯವಾದದ್ದೇ. ಆದರೆ ಎಣಿಸಬೇಕಾದದ್ದು ಇಂಗ್ಲಿಷ್ ಮೂಲವನ್ನು. ನೀವು ಬರೆದ ಕನ್ನಡವನ್ನು ಎಣಿಸಲು ಬಿಟ್ಟರೆ ಅಲ್ಲೂ ನಷ್ಟ ನಿಮ್ಮದೇ. ಸ್ವಂತವಾಗಿ ಬರೆಯುವ ಕೆಲಸಕ್ಕೆ, ಅದರಲ್ಲೂ ಕನ್ನಡದಲ್ಲಿ ಬರೆಯುವ ಕೆಲಸಕ್ಕೆ, ಪದ ಎನ್ನುವುದು ಅಳತೆಗೋಲೇ ಅಲ್ಲ.

‘ಯು ಶುಡ್ ನಾಟ್ ಟೇಕ್ ದಿಸ್ ಟ್ಯಾಬ್ಲೆಟ್ ಆನ್ ಆ್ಯನ್ ಎಂಪ್ಟಿ ಸ್ಟಮಕ್.’ ಇಂಗ್ಲಿಷಿನಲ್ಲಿ ಇದು ಹತ್ತು ಪದ. ‘ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು.’ ಕನ್ನಡದಲ್ಲಿ ಐದೇ. ವಿಭಕ್ತಿ, ನಿಷೇಧ, ಕಾಲ ಎಲ್ಲವೂ ನಮ್ಮಲ್ಲಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ‘ಮಾಡಬೇಕಾಗಿರುವುದರಿಂದ’ ಎಂಬ ಒಂದೇ ಪದದ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕು. ವರ್ಡ್ ಆಗಲಿ ಗೂಗಲ್ ಡಾಕ್ಸ್ ಆಗಲಿ ಎಣಿಸುವುದು ಎರಡು ಖಾಲಿ ಜಾಗಗಳ ನಡುವೆ ಇರುವುದನ್ನು. ಅದರೊಳಗೆ ಎಷ್ಟು ಅರ್ಥ ಅಡಗಿದೆ ಎಂಬುದು ಆ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಇಂಗ್ಲಿಷ್ ಬರಹಗಾರರಿಗೆ ಒಂದು ದರ ಇಟ್ಟುಕೊಂಡು ‘ಕನ್ನಡಕ್ಕೂ ಅದೇ ದರ’ ಎನ್ನುವ ಏಜೆನ್ಸಿ ಉದಾರವಾಗಿ ಕಾಣುತ್ತದೆ. ಆದರೆ ಮೇಲಿನಂಥ ವಾಕ್ಯಕ್ಕೆ ಕನ್ನಡದವರ ಕೈಗೆ ಬರುವುದು ಅರ್ಧ ಕೂಲಿ.

ಈಗ ಅದೇ ವಾಕ್ಯವನ್ನು ಹೀಗೆ ಬರೆಯಿರಿ: ‘ಈ ಒಂದು ಮಾತ್ರೆಯನ್ನು ಖಾಲಿ ಆಗಿರುವ ಹೊಟ್ಟೆಯಲ್ಲಿ ಯಾವುದೇ ಕಾರಣಕ್ಕೂ ಸೇವನೆ ಮಾಡಲು ಹೋಗಬಾರದು.’ ಹನ್ನೊಂದು ಪದ. ಒಂದೂವರೆ ರೂಪಾಯಿಯಂತೆ ಮೊದಲನೆಯ ವಾಕ್ಯಕ್ಕೆ ಏಳೂವರೆ ರೂಪಾಯಿ, ಇದಕ್ಕೆ ಹದಿನಾರೂವರೆ. ಕೆಟ್ಟ ವಾಕ್ಯಕ್ಕೆ ಎರಡು ಪಟ್ಟಿಗೂ ಹೆಚ್ಚು ದುಡ್ಡು! ವೆಬ್‌ಸೈಟುಗಳ ಕನ್ನಡ ಓದಿ ಬೇಸರಪಟ್ಟವರೆಲ್ಲ ಈ ಎರಡನೆಯ ವಾಕ್ಯವನ್ನು ಗುರುತಿಸುತ್ತಾರೆ. ‘ಬಳಸಿ’ ಎಂದರೆ ಮುಗಿಯುವಲ್ಲಿ ‘ಬಳಕೆಯನ್ನು ಮಾಡಬೇಕಾಗುತ್ತದೆ’, ‘ಪರೀಕ್ಷಿಸುತ್ತಾರೆ’ ಎನ್ನುವಲ್ಲಿ ‘ಪರೀಕ್ಷೆಯನ್ನು ನಡೆಸುವ ಕಾರ್ಯವನ್ನು ಮಾಡಲಾಗುತ್ತದೆ’. ಕೂಡಿ ಬರೆಯಬೇಕಾದ ‘ತಿಳಿದುಕೊಳ್ಳಬೇಕು’ ಎಂಬುದು ‘ತಿಳಿದು ಕೊಳ್ಳ ಬೇಕು’ ಎಂದು ಮೂರು ತುಂಡಾಗುತ್ತದೆ. ಇದನ್ನು ಬರೆದವರಿಗೆ ಕನ್ನಡ ಬರುವುದಿಲ್ಲ ಎಂದು ಬೈಯುವವರು ಅವರ ಬಿಲ್ಲನ್ನು ನೋಡಿಲ್ಲ. ಪುಟಕ್ಕೆ 600 ಪದ ತುಂಬಲೇಬೇಕು, ಹೇಳಬೇಕಾದ ವಿಷಯ 400ರಲ್ಲೇ ಮುಗಿದಿದೆ. ಉಳಿದ ಇನ್ನೂರು ಬೇರೆಲ್ಲಿಂದ ಬರಬೇಕು?

ಅಳತೆ ಭಾಷೆಯನ್ನೇ ಬದಲಾಯಿಸುವುದು ಹೊಸ ಸಂಗತಿಯೇನಲ್ಲ. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು ಕಟ್ಟುತ್ತಿದ್ದ ಕಾಲದಲ್ಲಿ ‘ತಾಯಿ ಸೀರಿಯಸ್, ಕೂಡಲೇ ಹೊರಡು’ ಎಂಬಷ್ಟಕ್ಕೆ ಒಂದು ಮನೆಯ ಸಂಕಟವೆಲ್ಲ ಇಳಿಯುತ್ತಿತ್ತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತುಹೋಯಿತು, ಆದರೆ ಬಿಗಿಯಾಗಿ ಬರೆದದ್ದನ್ನು ಈಗಲೂ ‘ಟೆಲಿಗ್ರಾಂ ಭಾಷೆ’ ಎನ್ನುತ್ತೇವೆ. ಅಲ್ಲಿ ದುಡ್ಡು ಕೊಡುವವನೇ ಬರೆಯುತ್ತಿದ್ದ, ಹಾಗಾಗಿ ಪದ ಸೊರಗಿತು. ದುಡ್ಡು ಪಡೆಯುವವನು ಬರೆದರೆ ಪದ ಊದಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಪತ್ರಿಕೆಗಳಲ್ಲಿ ಸಾಲಿಗಿಷ್ಟು ಎಂದು ಸಂಬಳ ಪಡೆದು ಸುದ್ದಿ ಬರೆಯುತ್ತಿದ್ದವರನ್ನು ‘ಪೆನ್ನಿ-ಎ-ಲೈನರ್’ ಎಂದು ಕರೆಯುತ್ತಿದ್ದರು. ಉದ್ದುದ್ದ ಎಳೆದು ಬರೆಯುವವರೆಂದು ಆ ಹೆಸರೇ ಬೈಗುಳವಾಗಿ ನಿಂತಿತು. ಕೂಲಿಯ ಲೆಕ್ಕ ಇಟ್ಟವರಿಗೆ ಮಾತ್ರ ಯಾರೂ ಹೆಸರಿಡಲಿಲ್ಲ.

ನಿಮ್ಮ ಕೆಲಸಕ್ಕೆ ಬರೋಣ. 12 ಪುಟ, ಪುಟಕ್ಕೆ 600, ಒಟ್ಟು 7,200 ಪದ. ಒಂದೂವರೆ ರೂಪಾಯಿಯಂತೆ ₹10,800. ಎರಡು ರೂಪಾಯಿ ಕೇಳಿದರೆ ₹14,400. ಈ ಮೊತ್ತ ಎಷ್ಟು ಗಂಟೆಗಳ ಮೇಲೆ ಹರಡಿಕೊಳ್ಳುತ್ತದೆ ಎಂಬುದನ್ನು ನೀವು ನೋಡಿಲ್ಲ. ಒಂದು ಪುಟಕ್ಕೆ ವಿಷಯ ಓದಿ ಟಿಪ್ಪಣಿ ಮಾಡಿಕೊಳ್ಳಲು ಒಂದೂವರೆ ಗಂಟೆ, ಬರೆಯಲು ಎರಡು ಗಂಟೆ, ವೈದ್ಯರು ಹಾಕಿದ ತಿದ್ದುಪಡಿಗಳಿಗೆ ಒಂದು ಗಂಟೆ ಇಡಿ. ಇನ್ನರ್ಧ ಗಂಟೆ ಪದದ ಲೆಕ್ಕದಲ್ಲಿ ಕಾಣಿಸದೇ ಹೋಗುವ ಕೆಲಸಕ್ಕೆ: ಗೂಗಲ್‌ನಲ್ಲಿ ಕಾಣುವ ಶೀರ್ಷಿಕೆ, ಅದರ ಕೆಳಗಿನ ಎರಡು ಸಾಲಿನ ವಿವರಣೆ, ಚಿತ್ರದ ವಿವರಣೆ, ಒತ್ತುವ ಗುಂಡಿಯ ಮೇಲಿನ ಬರಹ. ‘ವೈದ್ಯರನ್ನು ಕಾಣಲು ಸಮಯ ಕಾದಿರಿಸಿ’ ಎಂಬುದು ನಾಲ್ಕು ಪದ, ಆರು ರೂಪಾಯಿ. ಜನ ಹುಡುಕುವುದು ‘ಮಧುಮೇಹ’ ಎಂದೋ ‘ಸಕ್ಕರೆ ಕಾಯಿಲೆ’ ಎಂದೋ ‘ಶುಗರ್’ ಎಂದೋ ತೀರ್ಮಾನಿಸಲು ಅರ್ಧ ದಿನ ಹಿಡಿಯಬಹುದು. ಕೊನೆಗೆ ಪುಟದಲ್ಲಿ ಉಳಿಯುವುದು ಒಂದು ಪದ.

ಹೀಗೆ ಪುಟಕ್ಕೆ 5 ಗಂಟೆ, 12 ಪುಟಕ್ಕೆ 60. ಮೊದಲ ಮಾತುಕತೆಗೆ ಮತ್ತು ಎಲ್ಲ ಪುಟಗಳಿಗೂ ಅನ್ವಯಿಸುವ ಪದಪಟ್ಟಿ ಮಾಡಿಕೊಳ್ಳಲು 4 ಗಂಟೆ ಸೇರಿಸಿದರೆ 64. ನಿಮ್ಮ ₹10,800ನ್ನು 64ರಿಂದ ಭಾಗಿಸಿದರೆ ಗಂಟೆಗೆ ಸುಮಾರು ₹169. ಎರಡು ರೂಪಾಯಿ ದರಕ್ಕೂ ₹225 ದಾಟುವುದಿಲ್ಲ.

ಗಂಟೆಗೆ ಎಷ್ಟು ಬೇಕು ಎಂಬುದು ನಿಮ್ಮ ಮನೆಯ ಖರ್ಚಿನಿಂದ ಹೊರಡಬೇಕು. ಪೇಟೆಯ ದರದಿಂದ ಹೊರಟರೆ ಲೆಕ್ಕ ತಪ್ಪುತ್ತದೆ. ತಿಂಗಳಿಗೆ ಮನೆಗೆ ₹40,000, ಇಂಟರ್ನೆಟ್, ಕರೆಂಟು, ಲ್ಯಾಪ್‌ಟಾಪಿನ ಸವಕಳಿಗೆ ₹8,000 ಎಂದಿಟ್ಟುಕೊಳ್ಳಿ. 25 ದಿನ, ದಿನಕ್ಕೆ 8 ಗಂಟೆ ಎಂದರೆ 200 ಗಂಟೆ. ಹೊಸ ಕೆಲಸ ಹುಡುಕುವುದು, ಫೋನು, ಬಿಲ್ಲು, ಬಾಕಿ ಕೇಳುವುದು ಇವನ್ನೆಲ್ಲ ಕಳೆದರೆ ದುಡ್ಡು ಹುಟ್ಟುವ ಗಂಟೆ 120 ಎಂದು ಹಿಡಿಯಿರಿ. ₹48,000ನ್ನು 120ರಿಂದ ಭಾಗಿಸಿದರೆ ಗಂಟೆಗೆ ₹400. ಈ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ, ಲೆಕ್ಕದ ದಾರಿ ಇದೇ. 64 ಗಂಟೆಗೆ ₹25,600. ಅಂದಾಜು ತಪ್ಪಬಹುದಾದ್ದರಿಂದ ಅದರ ಮೇಲೆ ನೂರಕ್ಕೆ 15ರಂತೆ ₹3,840. ಒಟ್ಟು ₹29,440. ನೀವು ಹೇಳಬೇಕಾದದ್ದು ₹29,500.

ಇನ್ನು ನಿಮ್ಮ ಹೆದರಿಕೆ. ಅದು ಸುಳ್ಳಲ್ಲ. ಒಟ್ಟು ದರದಲ್ಲಿ ಮುಳುಗುವವರು ಮುಳುಗುವುದು ದರ ಕಡಿಮೆಯಾಗಿ ಅಲ್ಲ, ಕೆಲಸಕ್ಕೆ ಬೇಲಿ ಹಾಕದೆ. ‘ಸಕ್ಕರೆ ಕಾಯಿಲೆ ಕುರಿತ ವೆಬ್‌ಸೈಟಿಗೆ ಬರಹ’ ಎಂದಷ್ಟೇ ಬರೆದು ಒಪ್ಪಿಕೊಂಡರೆ 12 ಪುಟ 17 ಆಗುತ್ತದೆ, ‘ಹೇಗೂ ಬರೆದಿದ್ದೀರಲ್ಲ’ ಎಂದು ಕರಪತ್ರವೂ ಕೇಳುತ್ತಾರೆ, ಇನ್‌ಸ್ಟಾಗ್ರಾಮಿಗೆ ನಾಲ್ಕು ಸಾಲೂ ಕೇಳುತ್ತಾರೆ. ಆದ್ದರಿಂದ ಮೊತ್ತ ಕಳಿಸುವ ಇಮೇಲಿನಲ್ಲೇ ಹನ್ನೆರಡೂ ಪುಟಗಳ ಹೆಸರನ್ನು ಒಂದೊಂದಾಗಿ ಬರೆಯಿರಿ. ಪ್ರತಿ ಪುಟ 400ರಿಂದ 600 ಪದದೊಳಗೆ ಎಂದು ಹೇಳಿ. ಅದು ಹರವು ತಿಳಿಸುವುದಕ್ಕೆ ಮಾತ್ರ, ದುಡ್ಡಿಗೆ ಸಂಬಂಧವಿಲ್ಲ. ವಿಷಯ 420ರಲ್ಲಿ ಮುಗಿದರೆ ನಿಲ್ಲಿಸುವ ಹಕ್ಕು ನಿಮಗಿರಲಿ. ಕರಪತ್ರ, ಸಾಮಾಜಿಕ ಜಾಲತಾಣದ ಪೋಸ್ಟು, ಇಂಗ್ಲಿಷ್ ಆವೃತ್ತಿ, ಸೈಟಿಗೆ ಏರಿಸುವುದು ಇದರಲ್ಲಿ ಸೇರಿಲ್ಲ ಎಂದೂ ಬರೆಯಿರಿ. ಹೆಚ್ಚುವರಿ ಪುಟಕ್ಕೆ ₹2,500 ಎಂದು ಈಗಲೇ ಹೇಳಿಬಿಟ್ಟರೆ ಹದಿಮೂರನೆಯ ಪುಟ ಕೇಳಿದ ದಿನ ಮುಜುಗರವಿರುವುದಿಲ್ಲ.

ತಿದ್ದುಪಡಿ ಎರಡು ಸುತ್ತು, ಮೂರನೆಯದರಿಂದ ಗಂಟೆಗೆ ₹400. ಸುತ್ತಿನ ಎಣಿಕೆಗಿಂತ ಮುಖ್ಯ, ಯಾರು ತಿದ್ದುತ್ತಾರೆ ಎಂಬುದು. ಆಸ್ಪತ್ರೆಯ ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಏನು ಮಾಡಬೇಕು ಎಂಬ ಪುಟವನ್ನು ಒಬ್ಬ ವೈದ್ಯರು ಒಪ್ಪುತ್ತಾರೆ, ವಾರದ ನಂತರ ಇನ್ನೊಬ್ಬರು ಬದಲಾಯಿಸುತ್ತಾರೆ, ಮಾರ್ಕೆಟಿಂಗಿನವರು ಮೊದಲಿನದನ್ನೇ ವಾಪಸ್ ತರುತ್ತಾರೆ. ಮೂರೂ ಕಡೆಯ ಅಭಿಪ್ರಾಯ ಒಬ್ಬರ ಕೈಯಿಂದ, ಒಂದೇ ಕಡತದಲ್ಲಿ ಬರಬೇಕು ಎಂದು ಷರತ್ತು ಹಾಕಿ. ಪುಟ ತಲುಪಿ ಹತ್ತು ದಿನ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸಿ ಮುಂದಿನ ಕಂತಿನ ಬಿಲ್ಲು ಕಳಿಸುತ್ತೇನೆ ಎಂಬ ಸಾಲೂ ಇರಲಿ.

ಕಂತು ಹೀಗಿರಲಿ: ಶುರುವಿಗೆ ₹11,800, ಆರು ಪುಟ ಕೊಟ್ಟ ಮೇಲೆ ₹8,850, ಹನ್ನೆರಡೂ ಮುಗಿದ ಮೇಲೆ ₹8,850. ಮುಂಗಡ ಬರುವ ತನಕ ಪುಟ ತೆರೆಯಬೇಡಿ. ನಾಲ್ಕು ಪುಟ ಮುಗಿದಾಗ ಗಂಟೆ ಕೂಡಿಸಿ ನೋಡಿ. 24ರ ಆಸುಪಾಸು ಇದ್ದರೆ ಅಂದಾಜು ಸರಿ. 30 ದಾಟಿದ್ದರೆ ಎಲ್ಲಿ ಸೋರುತ್ತಿದೆ ಎಂದು ಆಗಲೇ ಹುಡುಕಿ. ಓದುವುದರಲ್ಲಾದರೆ ತಪ್ಪು ನಿಮ್ಮ ಅಂದಾಜಿನದು, ಮುಂದಿನ ಕೆಲಸದ ದರದಲ್ಲಿ ಸರಿಪಡಿಸಿಕೊಳ್ಳಿ. ತಿದ್ದುಪಡಿಯಲ್ಲಾದರೆ ಅವರ ಜೊತೆ ಅದೇ ವಾರ ಮಾತಾಡಿ. ಹನ್ನೊಂದನೆಯ ಪುಟದಲ್ಲಿ ಎತ್ತಿದ ದೂರನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಪದದ ದರದಲ್ಲಿ ದುಡ್ಡು ಖಾತ್ರಿ ಎಂದಿದ್ದೀರಿ. ಅದನ್ನು ಮಾತ್ರ ನಾನು ಒಪ್ಪಲಾರೆ. 800 ಪದ ಬರೆದು, ಎರಡು ಗಂಟೆ ಕೂತು 550ಕ್ಕೆ ಇಳಿಸಿ ಚೊಕ್ಕ ಮಾಡಿದವರಿಗೆ ಆ ಲೆಕ್ಕದಲ್ಲಿ ₹375 ಖೋತಾ. ಖಾತ್ರಿ ಬರುವುದು ಕಾಗದದಿಂದ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪುಕ್ಕಟೆ, ಸೇವೆ ಒದಗಿಸುವ ಒಬ್ಬಂಟಿ ವೃತ್ತಿಗಾರರೂ ಮಾಡಿಸಬಹುದು. ನೋಂದಾಯಿಸಿದವರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನದೊಳಗೆ ಬಾಕಿ ತೀರಿಸಬೇಕು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ತಪ್ಪಿದರೆ ಬಡ್ಡಿ ಸೇರುತ್ತದೆ. ನಿಮ್ಮ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚುಹಾಕಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ನೌಕರಿಯಲ್ಲಿಲ್ಲದೆ ಬರೆದುಕೊಟ್ಟ ಬರಹದ ಮೊದಲ ಹಕ್ಕುದಾರರು ಬರೆದವರೇ. ಅದು ಬೇರೆಯವರಿಗೆ ಹೋಗಬೇಕಾದರೆ ಸಹಿ ಮಾಡಿದ ಬರಹ ಬೇಕು. ಕೊನೆಯ ಕಂತು ಕೈಸೇರಿದ ದಿನ ಹಕ್ಕು ಆಸ್ಪತ್ರೆಗೆ ವರ್ಗವಾಗುತ್ತದೆ ಎಂದು ಒಂದು ಸಾಲು ಸೇರಿಸಿ ಇಬ್ಬರೂ ಸಹಿ ಹಾಕಿ.

ಅವರು ₹29,500 ಹೆಚ್ಚಾಯಿತು ಎಂದರೆ ದರ ಇಳಿಸಬೇಡಿ, ಪುಟ ಇಳಿಸಿ. ಎಂಟು ಪುಟಕ್ಕೆ 44 ಗಂಟೆ, ಅದೇ ಲೆಕ್ಕದಲ್ಲಿ ₹20,240. ರೋಗಿಗೆ ಮೊದಲು ಬೇಕಾದ ಎಂಟು ಯಾವುವು ಎಂದು ಅವರ ವೈದ್ಯರನ್ನೇ ಕೇಳಿ ಆರಿಸಿಕೊಳ್ಳಿ, ಉಳಿದ ನಾಲ್ಕನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ.