ಕೈಯಲ್ಲಿ ಬರೆದ ನಕ್ಷೆಯಿಂದ ದಾರಿ: ಜಕ್ಕನಹಳ್ಳಿಯಿಂದ ಅರಳಿಕಟ್ಟೆ, ಅಲ್ಲಿಂದ ತೋಟದ ಮನೆ

ಪ್ರಶ್ನೆ: ಫೋಟೋ ಹಾಕಿದ್ದೇನೆ. ಇಲ್ಲಿಗೆ ಹೋಗೋದು ಹೇಗೆ?

ಮೊದಲು ದಾರಿಯನ್ನು ಹೇಳಿಬಿಡುತ್ತೇನೆ. ನಕ್ಷೆಯಿಂದ ಅದನ್ನು ಹೇಗೆ ತೆಗೆದೆ ಎಂಬುದನ್ನು ಆಮೇಲೆ ಬರೆಯುತ್ತೇನೆ. ನೀವು ಯಾವ ಊರಿನಿಂದ ಹೊರಡುತ್ತೀರೆಂದು ತಿಳಿಸಿಲ್ಲ. ಆದ್ದರಿಂದ ನಿಮ್ಮ ನಕ್ಷೆಯಲ್ಲಿ ದೊಡ್ಡ ರಸ್ತೆಗಳೆಲ್ಲ ಕೂಡುವ ಜಕ್ಕನಹಳ್ಳಿಯಿಂದಲೇ ಆರಂಭಿಸುವುದು ಸರಿ ಎನ್ನಿಸುತ್ತದೆ.

ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ಬರುವುದಾದರೆ ಜಕ್ಕನಹಳ್ಳಿಯಲ್ಲಿ ಎಡಕ್ಕೆ ತಿರುಗಿ ಮೇಲುಕೋಟೆ ರಸ್ತೆ ಹಿಡಿಯಿರಿ. ಬೆಳ್ಳೂರು ಕ್ರಾಸ್, ನಾಗಮಂಗಲದ ಕಡೆಯಿಂದ ಬಂದರೆ ಅದೇ ರಸ್ತೆ ನಿಮ್ಮ ಬಲಕ್ಕೆ ಸಿಗುತ್ತದೆ. ಮಂಡ್ಯದಿಂದ ಬಂದರೆ ಹೆದ್ದಾರಿಯನ್ನು ದಾಟಿ ಮುಂದಕ್ಕೆ ಹೋಗಬೇಕು. ಮೇಲುಕೋಟೆ ರಸ್ತೆಯಲ್ಲಿ ಸುಮಾರು 3 ಕಿ.ಮೀ. ಸಾಗಿದ ಮೇಲೆ ಬಲಗಡೆ ಅರಳಿಕಟ್ಟೆ ಇದೆಯೆಂದು ನಕ್ಷೆ ತೋರಿಸುತ್ತದೆ. ಕಟ್ಟೆಯ ಪಕ್ಕದಲ್ಲೇ ಬಲಕ್ಕೆ ಹೋಗುವ ಓಣಿಗೆ ಇಳಿಯಿರಿ. ಓಣಿಯ ಎಡಬದಿಯಲ್ಲಿ ನೀರಿನ ಓವರ್‌ಹೆಡ್ ಟ್ಯಾಂಕ್ ಬರುತ್ತದೆ, ಅದನ್ನು ದಾಟಿದ ಮೇಲೆ ಎಡಕ್ಕೇ ತೆಂಗಿನ ತೋಟ, ಅದರೊಳಗೆ ‘ಮನೆ’ ಎಂದು ಬರೆದಿರುವ ಚೌಕ. ಟ್ಯಾಂಕಿಗಿಂತ ಮೊದಲೇ ಯಾವುದಾದರೂ ತೋಟದ ಗೇಟು ಕಂಡರೆ ಅದು ನಿಮ್ಮದಲ್ಲ.

ಇನ್ನು ಈ ದಾರಿಯನ್ನು ನಂಬಲು ಕಾರಣವೇನೆಂದು ಹೇಳಬೇಕು. ನಕ್ಷೆ ಬರೆದವರು ದಿಕ್ಕು ಗುರುತಿಸಿಲ್ಲ. ಮುದ್ರಿತ ನಕ್ಷೆ ನೋಡಿ ಅಭ್ಯಾಸವಿರುವ ನಾವು ಹಾಳೆಯ ಮೇಲ್ಭಾಗವನ್ನು ಉತ್ತರವೆಂದೇ ಭಾವಿಸಿಬಿಡುತ್ತೇವೆ, ಆದರೆ ಕೈಯಲ್ಲಿ ಬರೆಯುವವರು ಸಾಮಾನ್ಯವಾಗಿ ತಾವು ನಡೆದುಹೋಗುವ ದಿಕ್ಕನ್ನೇ ಮೇಲಕ್ಕೆ ಇಟ್ಟುಕೊಳ್ಳುತ್ತಾರೆ. ನಿಮ್ಮ ಹಾಳೆಯಲ್ಲಿ ಮೇಲ್ಗಡೆ ಗುಡ್ಡದ ಆಕಾರ ಬರೆದು ‘ಮೇಲುಕೋಟೆ’ ಎಂದಿದೆ, ಎಡ ಅಂಚಿನಲ್ಲಿ ‘ಮೈಸೂರು’, ಬಲ ಅಂಚಿನಲ್ಲಿ ‘ನಾಗಮಂಗಲ’ ಎಂದು ಬಾಣದ ಗುರುತುಗಳಿವೆ. ಜಕ್ಕನಹಳ್ಳಿಯಿಂದ ನೋಡಿದರೆ ಮೈಸೂರು ದಕ್ಷಿಣಕ್ಕಿದೆ, ನಾಗಮಂಗಲ ಉತ್ತರಕ್ಕಿದೆ, ಮೇಲುಕೋಟೆ ಪಶ್ಚಿಮಕ್ಕಿದೆ. ಅಂದರೆ ಈ ಹಾಳೆಯ ಮೇಲ್ಭಾಗ ಪಶ್ಚಿಮ.

ದಿಕ್ಕು ಗೊತ್ತಾದರೆ ಸಾಲದು, ಎಡಬಲ ಅದಲುಬದಲಾಗಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಅಕ್ಷರಗಳು ನೇರವಾಗಿ ಓದಲು ಬರುತ್ತಿರುವುದರಿಂದ ಫೋಟೋ ಕನ್ನಡಿಯ ಬಿಂಬದಂತೆ ತಿರುಗಿಲ್ಲ, ಅಷ್ಟು ಸ್ಪಷ್ಟ. ಆದರೆ ಬರೆದವರೇ ಎಡಬಲ ತಪ್ಪಿದ್ದರೆ ಅಕ್ಷರಗಳಿಂದ ಅದು ಗೊತ್ತಾಗುವುದಿಲ್ಲ. ಅದಕ್ಕೆ ಮೂರು ಊರುಗಳ ಸುತ್ತುಕ್ರಮವನ್ನು ನೋಡಬೇಕು. ಹಾಳೆಯಲ್ಲಿ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಹೋದರೆ ಮೈಸೂರು, ಮೇಲುಕೋಟೆ, ನಾಗಮಂಗಲ ಎಂಬ ಕ್ರಮ ಸಿಗುತ್ತದೆ. ನೆಲದ ಮೇಲೂ ದಕ್ಷಿಣ, ಪಶ್ಚಿಮ, ಉತ್ತರ ಎಂದು ಅದೇ ಕ್ರಮವಿದೆ. ಎರಡೂ ಒಂದೇ ಆಗಿರುವುದರಿಂದ ಹೆದ್ದಾರಿಯ ಮಟ್ಟಿಗೆ ನಕ್ಷೆಯ ಬಲ ನಿಜವಾದ ಬಲವೇ. ಎರಡು ಊರುಗಳಷ್ಟೇ ಇದ್ದಿದ್ದರೆ ಈ ಪರೀಕ್ಷೆ ಸಾಧ್ಯವಾಗುತ್ತಿರಲಿಲ್ಲ.

ದೂರದ ವಿಷಯದಲ್ಲಿ ಮಾತ್ರ ನಕ್ಷೆಯ ಗೆರೆಗಳನ್ನು ನಂಬಬೇಡಿ. ಜಕ್ಕನಹಳ್ಳಿಯಿಂದ ಕಟ್ಟೆಯವರೆಗಿನ ಗೆರೆಯೂ ಕಟ್ಟೆಯಿಂದ ಮನೆಯವರೆಗಿನ ಗೆರೆಯೂ ಹೆಚ್ಚುಕಡಿಮೆ ಒಂದೇ ಉದ್ದವಿದೆ. ಹಾಗೆಂದು ಓಣಿಯಲ್ಲಿಯೂ 3 ಕಿ.ಮೀ. ಹೋಗಬೇಕೆಂದು ಅರ್ಥವಲ್ಲ. ಬರೆಯುವವರು ವಿವರ ಹೆಚ್ಚಿರುವ ಜಾಗವನ್ನು ಹಿಗ್ಗಿಸುತ್ತಾರೆ, ಏನೂ ಹೇಳಬೇಕಾಗಿಲ್ಲದ ಜಾಗವನ್ನು ಕುಗ್ಗಿಸುತ್ತಾರೆ. ಅವರ ಗೆರೆಗಳಿಂದ ನಾವು ತೆಗೆದುಕೊಳ್ಳಬೇಕಾದದ್ದು ಯಾವುದರ ನಂತರ ಯಾವುದು ಬರುತ್ತದೆ, ಯಾವ ಬದಿಗೆ ಬರುತ್ತದೆ ಎಂಬುದನ್ನಷ್ಟೇ. ದೂರಕ್ಕೆ ಅಂಕಿಯೇ ಆಧಾರ.

ಆ ಅಂಕಿಯೂ ಇಲ್ಲಿ ಸ್ವಲ್ಪ ತೊಡಕಿನದು. ರಸ್ತೆಯ ಪಕ್ಕದಲ್ಲಿ ಶಾಯಿ ಹರಡಿಕೊಂಡು ೨ ಎಂದೂ ೩ ಎಂದೂ ಓದುವಂತಾಗಿದೆ. ಫೋಟೋವನ್ನು ದೊಡ್ಡದು ಮಾಡಿ, ಮೂಲೆಯಲ್ಲಿ ಅದೇ ಕೈಯಲ್ಲಿ ಬರೆದಿರುವ ‘೨೩’ ಎಂಬ ತಾರೀಖಿನೊಂದಿಗೆ ಹೋಲಿಸಿ ನೋಡಿದೆ. ಇವರು ೨ರ ಬಾಲವನ್ನು ನೇರವಾಗಿ ಎಳೆದು ನಿಲ್ಲಿಸುತ್ತಾರೆ, ೩ರಲ್ಲಿ ಕೊನೆಗೆ ಇನ್ನೊಂದು ಕೊಕ್ಕೆ ಹಾಕುತ್ತಾರೆ. ಹರಡಿದ ಶಾಯಿಯ ಅಡಿಯಲ್ಲಿ ಆ ಕೊಕ್ಕೆ ಕಾಣುತ್ತದೆ, ಆದ್ದರಿಂದ 3 ಎಂದೇ ಓದಿದ್ದೇನೆ. ಆದರೂ 2 ಕಿ.ಮೀ. ಆದ ಕೂಡಲೇ ಬಲಗಡೆ ಕಣ್ಣಿಟ್ಟಿರಿ. ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಒಟ್ಟು ದೂರ ಸುಮಾರು 6 ಕಿ.ಮೀ. ಇರುವುದರಿಂದ ಕಟ್ಟೆ ಅರ್ಧದಾರಿಯ ಆಸುಪಾಸಿನಲ್ಲಿ ಸಿಗಬೇಕು. ರಸ್ತೆ ಮೇಲುಕೋಟೆಯ ಬೆಟ್ಟ ಏರತೊಡಗಿತೆಂದರೆ ಕಟ್ಟೆಯನ್ನು ಬಿಟ್ಟು ಮುಂದೆ ಬಂದಿದ್ದೀರಿ, ಹಿಂದಿರುಗಬೇಕು. ಆಗ ಓಣಿ ನಿಮ್ಮ ಎಡಕ್ಕೆ ಬರುತ್ತದೆ.

ಕಟ್ಟೆಯ ಹತ್ತಿರ ನಾಲ್ಕು ದಾರಿ ಕೂಡುವಂತೆ ಫೋಟೋದಲ್ಲಿ ಕಾಣುತ್ತದೆ. ನೀವು ಗೊಂದಲಗೊಂಡಿದ್ದರೆ ಬಹುಶಃ ಇಲ್ಲಿಯೇ ಇರಬೇಕು. ಎಡಕ್ಕೆ ಹೋಗುವಂತೆ ತೋರುವ ಆ ಗೆರೆ ದಾರಿಯಲ್ಲ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ್ದರ ಗುರುತು. ಪೆನ್ನಿನ ಗೆರೆ ಅಕ್ಷರ ಬಂದಲ್ಲಿ ನಿಲ್ಲುತ್ತದೆ ಅಥವಾ ಸುತ್ತಿಹೋಗುತ್ತದೆ, ಆದರೆ ಈ ಗೆರೆ ‘ಕಟ್ಟೆ’ ಎಂಬ ಪದವನ್ನೇ ಸೀಳಿಕೊಂಡು ಹಾಳೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೆಟ್ಟಗೆ ಹೋಗಿದೆ, ಅದರ ಒಂದು ಬದಿಗೆ ತೆಳುವಾದ ನೆರಳೂ ಬಿದ್ದಿದೆ. ಬಲಕ್ಕೆ ಮಾತ್ರ ಮಡಿಕೆಗಿಂತ ಸ್ವಲ್ಪ ಕೆಳಗೆ ಜೋಡುಗೆರೆಯಲ್ಲಿ ಓಣಿ ಬರೆದಿದ್ದಾರೆ.

ಹೊರಡುವ ಮುನ್ನ ಮೊಬೈಲಿನಲ್ಲಿ ಒಮ್ಮೆ ತಾಳೆ ನೋಡಿಕೊಳ್ಳುವುದು ಒಳ್ಳೆಯದು. ಉಪಗ್ರಹ ಚಿತ್ರ ತೆರೆದು, ಪಶ್ಚಿಮ ಮೇಲಕ್ಕೆ ಬರುವಂತೆ ಎರಡು ಬೆರಳಿನಿಂದ ತಿರುಗಿಸಿದರೆ ಅದು ನಿಮ್ಮ ಹಾಳೆಯಂತೆಯೇ ಕಾಣುತ್ತದೆ. ಕಟ್ಟೆಯನ್ನು ಮೇಲಿನಿಂದ ಹುಡುಕಬೇಡಿ, ಅರಳಿಮರದ ನೆತ್ತಿ ಬೇರೆ ಮರಗಳ ನಡುವೆ ಗುರುತು ಸಿಗುವುದಿಲ್ಲ. ಟ್ಯಾಂಕನ್ನು ಹುಡುಕಿ: ಕಂಬಗಳ ಮೇಲೆ ನಿಂತ ಟ್ಯಾಂಕಿನ ನೆರಳು ಬುಡದಿಂದ ಸ್ವಲ್ಪ ದೂರಕ್ಕೆ ದುಂಡಗೆ ಬೀಳುತ್ತದೆ, ಮನೆಯ ನೆರಳಿನಂತೆ ಗೋಡೆಗೆ ಅಂಟಿಕೊಂಡಿರುವುದಿಲ್ಲ. ಟ್ಯಾಂಕ್ ಸಿಕ್ಕರೆ ಅದರಿಂದ ಹಿಂದಕ್ಕೆ ಮುಖ್ಯರಸ್ತೆಯವರೆಗೆ ಓಣಿಯನ್ನು ಹಿಡಿದುಕೊಂಡು ಬನ್ನಿ.

ಬಸ್ಸಿನಲ್ಲಿ ಬರುವುದಾದರೆ ಮೇಲುಕೋಟೆ ಬಸ್ ಹತ್ತಿ, ಜಕ್ಕನಹಳ್ಳಿ ದಾಟಿದ ಮೇಲೆ ಸಿಗುವ ಅರಳಿಕಟ್ಟೆಯಲ್ಲಿ ನಿಲ್ಲಿಸುತ್ತಾರೆಯೇ ಎಂದು ಹತ್ತುವಾಗಲೇ ಕಂಡಕ್ಟರರನ್ನು ಕೇಳಿ. ನಿಮ್ಮ ದಿನ ವೈರಮುಡಿ ಉತ್ಸವದ ಸಮಯಕ್ಕೆ ಬಿದ್ದರೆ ಆ ರಸ್ತೆಯಲ್ಲಿ ವಾಹನಗಳ ದಟ್ಟಣೆ ಬಹಳವಿರುತ್ತದೆ, ಬೆಳಿಗ್ಗೆಯೇ ತಲುಪುವಂತೆ ಹೊರಡಿ.

ನಕ್ಷೆ ಬರೆದುಕೊಟ್ಟವರಿಗೆ ಫೋನ್ ಮಾಡಲು ಸಾಧ್ಯವಾದರೆ ಒಂದೇ ಪ್ರಶ್ನೆ ಕೇಳಿ: ‘ಜಕ್ಕನಹಳ್ಳಿ ಕಡೆಯಿಂದ ಬರುವಾಗ ಕಟ್ಟೆ ಬಲಕ್ಕೆ ಸಿಗುತ್ತದೆಯೋ, ಎಡಕ್ಕೋ?’ ಊರುಗಳ ಕ್ರಮದಿಂದ ಹೆದ್ದಾರಿಯ ಎಡಬಲ ಸರಿಯೆಂದು ತೋರಿಸಬಹುದು, ಆದರೆ ಈ ಓಣಿಯನ್ನು ಮನೆಯಿಂದ ಹೊರಗೆ ಬರುವವರ ಕಣ್ಣಿನಿಂದ ಬರೆದಿರಬಹುದೆಂಬ ಅನುಮಾನವನ್ನು ಹಾಳೆಯೊಂದೇ ಪೂರ್ತಿ ನಿವಾರಿಸಲಾರದು. ಇನ್ನೊಂದು ವಿಷಯ, ಫೋಟೋದ ಕೆಳಗಡೆ ಅವರ ಫೋನ್ ನಂಬರ್ ಪೂರ್ತಿ ಕಾಣುತ್ತಿದೆ. ದಯವಿಟ್ಟು ಅದನ್ನು ಮರೆಮಾಡಿ ಫೋಟೋವನ್ನು ಮತ್ತೆ ಹಾಕಿ.